ಫಿಕ್ಸ್ ಒಂದು ಸಾಲು, ತಡ ನಾಲ್ಕು ವಾರ: ಫ್ರೆಂಚ್ ಕ್ಲೈಂಟ್‌ಗೆ ಏನಂತ ಬರೆಯಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಟೀಮ್ ಲೀಡ್. ಕ್ಲೈಂಟ್ ಫ್ರಾನ್ಸಿನವರು. ಒಂದು ಟೆಕ್ನಿಕಲ್ ದೋಷದಿಂದ ಗೋ-ಲೈವ್ ಮೂರು ವಾರ ಮುಂದೆ ಹೋಗುತ್ತದೆ. ವಿಚಿತ್ರ ಅಂದರೆ ದೋಷವನ್ನು ನಾವು ಒಂದೇ ದಿನದಲ್ಲಿ ಸರಿ ಮಾಡಿದ್ದೇವೆ, ಉಳಿದದ್ದೆಲ್ಲ ಮತ್ತೆ ಟೆಸ್ಟ್ ಮಾಡುವ ಸಮಯ. ಕಳೆದ ಶುಕ್ರವಾರದ ಸ್ಟೇಟಸ್‌ನಲ್ಲಿ ‘ಆನ್ ಟ್ರ್ಯಾಕ್’ ಅಂತ ಬೇರೆ ಕಳಿಸಿಬಿಟ್ಟಿದ್ದೇವೆ. ‘ಸಣ್ಣ ಇಶ್ಯೂ ಇತ್ತು, ಸರಿಯಾಗಿದೆ, ಸ್ವಲ್ಪ ತಡವಾಗುತ್ತೆ, ಕ್ಷಮಿಸಿ ಅಂತ ಬರೆದು ಮುಗಿಸು’ ಅಂತಾರೆ ನಮ್ಮ ಮ್ಯಾನೇಜರ್. ಹಾಗೆ ಬರೆದರೆ ಸಾಕಾ ಸರ್?

ಉತ್ತರ:

ಸಾಕಾಗುವುದಿಲ್ಲ. ನಿಮ್ಮ ಮ್ಯಾನೇಜರ್ ಹೇಳಿದ ಆ ವಾಕ್ಯವನ್ನೇ ಕ್ಲೈಂಟ್ ಜಾಗದಲ್ಲಿ ಕೂತು ಓದಿ ನೋಡಿ. ಇಶ್ಯೂ ಸಣ್ಣದು, ಸರಿಯೂ ಆಗಿದೆ. ಹಾಗಿದ್ದರೆ ಮೂರು ವಾರ ಯಾಕೆ? ಓದಿದವರಿಗೆ ಮೊದಲು ಬರುವ ಅನುಮಾನವೇ ಇದು. ನಿಮ್ಮ ಇಡೀ ಮೇಲ್ ಈ ಒಂದು ಪ್ರಶ್ನೆಗೆ ಉತ್ತರ ಆಗಬೇಕು. ಅದು ಬಿಟ್ಟು ಎಷ್ಟು ಸಲ ಕ್ಷಮೆ ಕೇಳಿದರೂ ಉಪಯೋಗವಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ, 2024ರ ಏಪ್ರಿಲ್‌ನಲ್ಲಿ. ಆಗ ನಾನೂ ಬೆಂಗಳೂರಿನಲ್ಲಿ ಟೀಮ್ ಲೀಡ್. ಫ್ರಾನ್ಸಿನ ಒಂದು ಕಂಪನಿಯ ಇನ್‌ವಾಯ್ಸ್ ಸಾಫ್ಟ್‌ವೇರನ್ನು ಜಾವಾ 11ರಿಂದ ಜಾವಾ 17ಕ್ಕೆ ಏರಿಸುವ ಕೆಲಸ. ಹೊಸ ಸೌಲಭ್ಯ ಏನೂ ಇಲ್ಲ. ಹಳೆಯದು ಹೇಗೆ ನಡೆಯುತ್ತಿತ್ತೋ ಹಾಗೇ ಹೊಸದೂ ನಡೆಯಬೇಕು, ಅಷ್ಟೇ. ಗೋ-ಲೈವ್ ಮೇ 13, ಸೋಮವಾರ. ಏಪ್ರಿಲ್ 23ರಂದು ಕ್ಲೈಂಟ್ ಕಡೆಯ ಅಕೌಂಟ್ಸ್‌ನವರು ಟೆಸ್ಟ್ ಮಾಡುವಾಗ ಮೊತ್ತ ತಾಳೆಯಾಗುತ್ತಿಲ್ಲ ಎಂದರು. ಫೈಲಿನಲ್ಲಿ 412 ಸಾಲು. ಅದರಲ್ಲಿ 37 ಸಾಲುಗಳು ಮಾತ್ರ ತಪ್ಪು. 1 234,56 ಯೂರೋ ಅಂತ ಇದ್ದದ್ದು ನಮ್ಮಲ್ಲಿ 1 ಯೂರೋ ಆಗಿತ್ತು. 2 450,00 ಇದ್ದದ್ದು 2 ಆಗಿತ್ತು. ಸಾವಿರದ ಒಳಗಿನ ಮೊತ್ತಗಳೆಲ್ಲ ಸರಿಯಾಗಿದ್ದವು. ಲಾಗ್‌ನಲ್ಲಿ ಒಂದು ಎರರ್ ಕೂಡ ಇರಲಿಲ್ಲ.

ಕಾರಣವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮೇಲ್‌ನಲ್ಲೂ ಇದನ್ನೇ ಬರೆಯಬೇಕಾಗಿ ಬಂತು. ನಾವು ಸಾವಿರಕ್ಕೆ ಕಾಮಾ ಹಾಕಿ 1,234.56 ಅಂತ ಬರೆಯುತ್ತೇವೆ. ಫ್ರೆಂಚರು ಸಾವಿರದ ಜಾಗದಲ್ಲಿ ಖಾಲಿ ಜಾಗ ಬಿಟ್ಟು, ದಶಮಾಂಶಕ್ಕೆ ಕಾಮಾ ಹಾಕಿ 1 234,56 ಅಂತ ಬರೆಯುತ್ತಾರೆ. ಕಣ್ಣಿಗೆ ಅದು ಬರೀ ಒಂದು ಸ್ಪೇಸ್. ಆದರೆ ಕಂಪ್ಯೂಟರ್‌ಗೆ ಸ್ಪೇಸ್‌ನಲ್ಲೂ ಬೇರೆ ಬೇರೆ ಜಾತಿ ಇವೆ. ಸಾಲಿನ ಕೊನೆಯಲ್ಲಿ ಸಂಖ್ಯೆ ಮುರಿದು ಮುಂದಿನ ಸಾಲಿಗೆ ಹೋಗದಂತೆ ತಡೆಯುವ ಸ್ಪೇಸ್ ಒಂದಿದೆ, ಅದರ ಯೂನಿಕೋಡ್ ಸಂಖ್ಯೆ `U+00A0`. ಅದೇ ಕೆಲಸ ಮಾಡುವ ಇನ್ನೂ ಕಿರಿದಾದ ಸ್ಪೇಸ್ ಇನ್ನೊಂದು, `U+202F`. ಯಾವ ದೇಶದಲ್ಲಿ ಸಂಖ್ಯೆ, ದಿನಾಂಕ ಹೇಗೆ ಬರೆಯುತ್ತಾರೆ ಅನ್ನುವ ಮಾಹಿತಿಯನ್ನು ಯೂನಿಕೋಡ್ ಸಂಸ್ಥೆ ಸಿಎಲ್‌ಡಿಆರ್ ಎಂಬ ಕೋಶದಲ್ಲಿ ಇಟ್ಟಿದೆ. 2018ರಲ್ಲಿ ಅಲ್ಲಿ ಫ್ರೆಂಚ್ ಸಂಖ್ಯೆಗಳ ಸ್ಪೇಸ್ ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಯಿತು. ಜಾವಾ ಈ ಮಾಹಿತಿಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಜಾವಾ 11ರಲ್ಲಿ ಹಳೆಯ ಸ್ಪೇಸ್ ಇತ್ತು, 17ರಲ್ಲಿ ಹೊಸದು.

ಕ್ಲೈಂಟ್‌ನ ಹಳೆಯ ಅಕೌಂಟಿಂಗ್ ಸಾಫ್ಟ್‌ವೇರ್ ಮಾತ್ರ ಮೊದಲಿನಂತೆಯೇ `U+00A0` ಹಾಕಿ ಫೈಲ್ ಕೊಡುತ್ತಿತ್ತು.

```java
NumberFormat nf = NumberFormat.getInstance(Locale.FRANCE);
nf.parse("1\u00A0234,56");
// ಜಾವಾ 11: 1234.56
// ಜಾವಾ 17: 1
```

ಜಾವಾ 17 ಇಲ್ಲಿ ಎರರ್ ಕೊಡುವುದಿಲ್ಲ, ಅದೇ ಅಪಾಯ. `parse` ಗೊತ್ತಿಲ್ಲದ ಅಕ್ಷರ ಕಂಡ ಕೂಡಲೇ ನಿಲ್ಲುತ್ತದೆ. ಅಲ್ಲಿವರೆಗೆ ಓದಿದ್ದನ್ನು ಉತ್ತರ ಅಂತ ಕೈಗೆ ಕೊಟ್ಟುಬಿಡುತ್ತದೆ. ಸುಮ್ನೆ 1 ಅಂತ ಹೇಳಿ ಮುಂದಿನ ಸಾಲಿಗೆ ಹೋಗುತ್ತದೆ.

ಸರಿ ಮಾಡುವುದು ನಿಜಕ್ಕೂ ಒಂದು ಸಾಲಿನ ಕೆಲಸ. ಓದುವ ಮೊದಲು ಎಲ್ಲ ಜಾತಿಯ ಸ್ಪೇಸ್ ತೆಗೆದುಹಾಕಿದರೆ ಆಯಿತು. ಅದರ ಜೊತೆಗೆ, ಕೊನೆಯವರೆಗೆ ಓದಿದೆಯಾ ಅಂತ ನೋಡಿ, ಇಲ್ಲದಿದ್ದರೆ ಜೋರಾಗಿ ಕೂಗುವಂತೆ ಮಾಡಿದೆವು.

```java
String t = s.replaceAll("[\\u00A0\\u202F ]", "");
ParsePosition p = new ParsePosition(0);
Number n = nf.parse(t, p);
if (n == null || p.getIndex() != t.length())
    throw new IllegalArgumentException("ಮೊತ್ತ ಓದಲಾಗಲಿಲ್ಲ: " + s);
```

ಏಪ್ರಿಲ್ 25ಕ್ಕೆ ಕಾರಣ ಸಿಕ್ಕಿತು, ಅವತ್ತೇ ಫಿಕ್ಸ್ ಕೂಡ ಆಯಿತು. ನಮಗೆ ಖುಷಿ. 26, ಶುಕ್ರವಾರದ ಸ್ಟೇಟಸ್‌ನಲ್ಲಿ ನಾನು ಬರೆದದ್ದು ಇಷ್ಟು: ‘ಸಣ್ಣ ಫಾರ್ಮ್ಯಾಟ್ ಇಶ್ಯೂ ಕಂಡಿತ್ತು, ಫಿಕ್ಸ್ ಆಗಿದೆ, ಪ್ಲಾನ್‌ನಂತೆ ನಡೆಯುತ್ತಿದೆ.’ ಫ್ರೆಂಚ್ ಕಂಪನಿಗಳ ಪ್ರಾಜೆಕ್ಟ್ ವರದಿಯಲ್ಲಿ ಕೆಂಪು-ಹಸಿರಿನ ಬದಲು ಹವಾಮಾನದ ಚಿತ್ರ ಹಾಕುವ ರೂಢಿ ಜಾಸ್ತಿ. ‘ಮೆತೆಯೊ’ ಅಂತಾರೆ. ಸೂರ್ಯ, ಮೋಡ, ಮಳೆ, ಗುಡುಗು. ನಾನು ಸೂರ್ಯನ ಚಿತ್ರ ಹಾಕಿ ಕಳಿಸಿದ್ದೆ.

ಸೋಮವಾರ ಆ ಕಡೆಯ ಪ್ರಾಜೆಕ್ಟ್ ಮುಖ್ಯಸ್ಥೆ ಫೋನ್ ಮಾಡಿದರು. ಗಟ್ಟಿ ಮಾತಿಲ್ಲ, ಕೋಪವಿಲ್ಲ. ‘ಶುಕ್ರವಾರ ನೀವು ಸಣ್ಣ ಇಶ್ಯೂ ಅಂದಿರಿ. ಇವತ್ತು ನಿಮ್ಮ ಟೆಸ್ಟಿಂಗ್‌ನವರು ನಮ್ಮ ಅಕೌಂಟ್ಸ್‌ನವರಿಗೆ ಎರಡು ವಾರದ ಟೆಸ್ಟ್ ಪೂರ್ತಿ ಮತ್ತೆ ಮಾಡಬೇಕು ಅಂತ ಹೇಳಿದ್ದಾರೆ. ಇವೆರಡರಲ್ಲಿ ಯಾವುದು ನಿಜ?’ ಅಂದರು. ಎರಡೂ ನಿಜವೇ. ಆದರೆ ಮೊದಲನೆಯದನ್ನು ಮಾತ್ರ ನಾನು ಬರೆದಿದ್ದೆ.

ನಿಮ್ಮ ಪರಿಸ್ಥಿತಿಯೂ ಇದೇ ಅಲ್ವಾ? ಹಾಗಾಗಿ ಮೇಲ್ ಬರೆಯುವ ಮೊದಲು, ಫಿಕ್ಸ್‌ಗೂ ಹೊಸ ತಾರೀಖಿಗೂ ನಡುವೆ ಇರುವ ದಿನಗಳು ಎಲ್ಲೆಲ್ಲಿ ಹೋಗುತ್ತವೆ ಅಂತ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಾನು ಆ ಸೋಮವಾರ ಸಂಜೆ ಮಾಡಿದ ಕೆಲಸ ಅದೇ.

ಮೊದಲನೆಯದು, ಇದೇ ದೋಷ ಬೇರೆ ಎಲ್ಲೆಲ್ಲಿದೆ? ಕೋಡ್‌ನಲ್ಲಿ `NumberFormat`, `DecimalFormat`, ಮತ್ತು ಸಾವಿರದ ಗುರುತು ಹಾಕಿಸುವ `String.format` ಎಲ್ಲಿ ಬಳಕೆಯಾಗಿದೆ ಅಂತ ಹುಡುಕಿದೆವು. ಹದಿನಾಲ್ಕು ಜಾಗ ಸಿಕ್ಕವು. ಓದುವ ಜಾಗ ಒಂಬತ್ತು, ಬರೆಯುವ ಜಾಗ ಐದು. ಬರೆಯುವ ಜಾಗಗಳಲ್ಲಿ ಇನ್ನೊಂದು ತೊಂದರೆ ಅಡಗಿತ್ತು. ಪಿಡಿಎಫ್ ಇನ್‌ವಾಯ್ಸ್‌ಗೆ ಬಳಸಿದ ಫಾಂಟ್‌ನಲ್ಲಿ `U+202F` ಅಕ್ಷರವೇ ಇರಲಿಲ್ಲ. ಸಾವಿರ ದಾಟಿದ ಮೊತ್ತದ ನಡುವೆ ಒಂದು ಚೌಕ ಡಬ್ಬಿ ಮೂಡುತ್ತಿತ್ತು. ಅದನ್ನು ಇನ್ನೂ ಯಾರೂ ಗಮನಿಸಿರಲಿಲ್ಲ.

ಎರಡನೆಯದು, ಆಗಲೇ ಮುಗಿದಿದ್ದ ಟೆಸ್ಟ್‌ಗಳ ಗತಿ. ಎರಡು ವಾರದಿಂದ ಟೆಸ್ಟ್ ಡೇಟಾಬೇಸ್‌ಗೆ ತಪ್ಪು ಮೊತ್ತಗಳು ಹೋಗಿ ಸೇರಿದ್ದವು. ತೆರಿಗೆ ಲೆಕ್ಕ, ಬಾಕಿ ಪಟ್ಟಿ, ತಿಂಗಳ ವರದಿ ಎಲ್ಲವೂ ಅದರ ಮೇಲೆ ನಿಂತಿದ್ದವು. ‘ಪಾಸ್’ ಎಂದು ಬರೆದ ಟೆಸ್ಟ್‌ಗಳನ್ನೂ ನಂಬುವ ಹಾಗಿರಲಿಲ್ಲ. ನಿಜವಾದ ತಡ ಇದ್ದದ್ದು ಇಲ್ಲಿ. ದೋಷ ಎರರ್ ಕೊಟ್ಟು ನಿಂತಿದ್ದರೆ ಅಲ್ಲಿಂದ ಮುಂದುವರಿಸಬಹುದಿತ್ತು. ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟದ್ದರಿಂದ ಹಿಂದಕ್ಕೆ ಹೋಗಬೇಕಾಯಿತು. ನಿಮ್ಮ ದೋಷ ಎರಡರಲ್ಲಿ ಯಾವ ಬಗೆಯದು ಅಂತ ನೋಡಿಕೊಳ್ಳಿ. ಸದ್ದಿಲ್ಲದ ಬಗೆಯದಾದರೆ ಅದೇ ನಿಮ್ಮ ಮೂರು ವಾರಕ್ಕೆ ಉತ್ತರ.

ಮೂರನೆಯದು ಅವರ ಕ್ಯಾಲೆಂಡರ್. ಮೇ ತಿಂಗಳು ಫ್ರಾನ್ಸ್‌ನಲ್ಲಿ ರಜೆಗಳ ತಿಂಗಳು. ಆ ವರ್ಷ ಮೇ 8ರ ಬುಧವಾರ ಎರಡನೇ ಮಹಾಯುದ್ಧ ಮುಗಿದ ನೆನಪಿನ ರಜೆ. 9ರ ಗುರುವಾರ ಯೇಸುವಿನ ಸ್ವರ್ಗಾರೋಹಣದ ರಜೆ. ಗುರುವಾರ ರಜೆ ಬಂದರೆ ಶುಕ್ರವಾರವನ್ನೂ ಸೇರಿಸಿ ಹೊರಟುಬಿಡುತ್ತಾರೆ. ಅದಕ್ಕೆ ‘ಪೋಂ’ ಅಂತಾರೆ, ಅಂದರೆ ಸೇತುವೆ. ಹಾಗೆ ಆ ವಾರ ಸಿಕ್ಕುವುದು ಎರಡೇ ದಿನ. ಮತ್ತೆ 20ರ ಸೋಮವಾರ ಪೆಂಟೆಕೋಸ್ಟ್ ರಜೆ. ಟೆಸ್ಟ್ ಮಾಡಬೇಕಾದವರು ಅವರ ಅಕೌಂಟ್ಸ್‌ನವರು. ನಾವು ಹಗಲು ರಾತ್ರಿ ಕೂತರೂ ಆ ದಿನಗಳನ್ನು ಉಳಿಸಲಾಗದು. ನಿಮ್ಮ ಹೊಸ ತಾರೀಖು ಜುಲೈ 14 ಅಥವಾ ಆಗಸ್ಟ್ ಸುತ್ತಮುತ್ತ ಬಿದ್ದರೆ ಇನ್ನೂ ಎಚ್ಚರ ಬೇಕು. ಆಗಸ್ಟ್‌ನಲ್ಲಿ ನಿರ್ಧಾರ ತೆಗೆದುಕೊಳ್ಳುವವರೇ ಊರಲ್ಲಿರುವುದಿಲ್ಲ.

ಈ ಹಾಳೆ ಕೈಯಲ್ಲಿದ್ದರೆ ಮೇಲ್ ತಾನಾಗಿ ಬರುತ್ತದೆ. ಏಪ್ರಿಲ್ 30, ಮಂಗಳವಾರ ನಾನು ಇಂಗ್ಲಿಷಿನಲ್ಲಿ ಕಳಿಸಿದ ಮೇಲ್ ಕನ್ನಡದಲ್ಲಿ ಹೀಗಿರುತ್ತದೆ:

> ನಮಸ್ಕಾರ ಮೇಡಂ,
>
> ಗೋ-ಲೈವ್ ಮೇ 13ಕ್ಕೆ ಆಗುವುದಿಲ್ಲ. ನಮ್ಮ ಕಡೆಯಿಂದ ಜೂನ್ 3ಕ್ಕೆ ಸಿದ್ಧವಿರುತ್ತದೆ. ಈಗ ಬಳಕೆಯಲ್ಲಿರುವ ಸಿಸ್ಟಮ್‌ಗೆ ಈ ದೋಷ ತಟ್ಟಿಲ್ಲ. ನಿಮ್ಮ ಗ್ರಾಹಕರಿಗೆ ತಪ್ಪು ಇನ್‌ವಾಯ್ಸ್ ಒಂದೂ ಹೋಗಿಲ್ಲ.
>
> ಏಪ್ರಿಲ್ 26ರ ನಮ್ಮ ವರದಿಯಲ್ಲಿ ‘ಪ್ಲಾನ್‌ನಂತೆ ನಡೆಯುತ್ತಿದೆ’ ಎಂದು ಬರೆದಿದ್ದೆ. ಅದು ಸರಿಯಲ್ಲ. ಅವತ್ತು ನಾನು ದೋಷ ಸರಿಪಡಿಸುವ ಸಮಯ ಮಾತ್ರ ಲೆಕ್ಕ ಹಾಕಿದ್ದೆ, ಮರುಪರೀಕ್ಷೆಯ ಸಮಯ ಸೇರಿಸಿರಲಿಲ್ಲ.
>
> ಕಾರಣ: ನಿಮ್ಮ ಫೈಲ್‌ಗಳಲ್ಲಿ ಸಾವಿರದ ಜಾಗದಲ್ಲಿರುವ ಸ್ಪೇಸ್ ಅಕ್ಷರವನ್ನು ಜಾವಾ 17 ಗುರುತಿಸುವುದಿಲ್ಲ. ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತದೆ, ಎರರ್ ಕೊಡುವುದಿಲ್ಲ. ಆದ್ದರಿಂದ 1 234,56 ಎಂಬುದು 1 ಆಗುತ್ತದೆ. ನಿಮ್ಮ ಫೈಲ್‌ಗಳಲ್ಲಿ ತಪ್ಪಿಲ್ಲ, ಅವು ಬದಲಾಗಿಯೂ ಇಲ್ಲ. ನಮ್ಮ ಟೆಸ್ಟ್‌ಗಳು ಇದನ್ನು ಹಿಡಿಯಲಿಲ್ಲ. ಅವುಗಳಲ್ಲಿ ಜಾವಾ 17 ಬರೆದ ಸಂಖ್ಯೆಗಳನ್ನೇ ಜಾವಾ 17 ಓದುತ್ತಿತ್ತು. ನಿಮ್ಮ ನಿಜವಾದ ಫೈಲ್ ಬಳಸಿರಲಿಲ್ಲ.
>
> ಫಿಕ್ಸ್ ಏಪ್ರಿಲ್ 25ರಂದೇ ಆಗಿದೆ. ಉಳಿದ ಸಮಯ ಬೇಕಾಗಿರುವುದು ಇದಕ್ಕೆ: ಇದೇ ದೋಷ ಇರಬಹುದಾದ 14 ಜಾಗಗಳನ್ನು ಮೇ 3ರೊಳಗೆ ಸರಿಪಡಿಸುತ್ತೇವೆ. ಮೇ 6ರಿಂದ 10ರವರೆಗೆ ನಾವು ಬೆಂಗಳೂರಿನಲ್ಲಿ ಎಲ್ಲ ಟೆಸ್ಟ್‌ಗಳನ್ನು ಮೊದಲಿನಿಂದ ಮಾಡುತ್ತೇವೆ. ಮೇ 13ರಂದು ಖಾಲಿ ಡೇಟಾಬೇಸ್‌ನೊಂದಿಗೆ ನಿಮಗೆ ಕೊಡುತ್ತೇವೆ. ಮೇ 13ರಿಂದ 24ರವರೆಗೆ, 20ರ ರಜೆ ಬಿಟ್ಟು, ನಿಮ್ಮ ತಂಡದ ಪರೀಕ್ಷೆ. 28ರಂದು ಒಟ್ಟಿಗೆ ಕೂತು ನಿರ್ಧಾರ.
>
> ಇನ್ನೂ ತೀರ್ಮಾನವಾಗದ್ದು ಒಂದಿದೆ. ಪಿಡಿಎಫ್ ಇನ್‌ವಾಯ್ಸ್‌ನಲ್ಲಿ ಮೊತ್ತದ ನಡುವೆ ಚೌಕದ ಗುರುತು ಬರುತ್ತಿದೆ. ಅದಕ್ಕೆ ಫಾಂಟ್ ಬದಲಿಸಬೇಕೋ ಬೇಡವೋ ಎಂದು ಮೇ 3ರಂದು ತಿಳಿಸುತ್ತೇನೆ. ಬದಲಿಸಬೇಕಾದರೂ ಜೂನ್ 3ರ ತಾರೀಖು ಹಾಗೇ ಉಳಿಯುತ್ತದೆ.
>
> ಮೇ 13ಕ್ಕೇ ಬೇಕೆಂದರೆ ಒಂದು ತಾತ್ಕಾಲಿಕ ದಾರಿ ಇದೆ. ಒಂದು ಸೆಟ್ಟಿಂಗ್‌ನಿಂದ ಜಾವಾವನ್ನು ಹಳೆಯ ರೂಢಿಗೆ ಮರಳಿಸಬಹುದು. ಆದರೆ ಅದು ದಿನಾಂಕ ಬರೆಯುವ ರೀತಿಯನ್ನೂ ಬದಲಿಸುತ್ತದೆ, ಮುಂದಿನ ಜಾವಾಗಳಲ್ಲಿ ಉಳಿಯುವುದೂ ಇಲ್ಲ. ನಾವು ಇದನ್ನು ಸೂಚಿಸುವುದಿಲ್ಲ.
>
> ನಿಮ್ಮಿಂದ ಬೇಕಾದ ಉತ್ತರಗಳು ಎರಡು, ಮೇ 3ರ ಶುಕ್ರವಾರದೊಳಗೆ: ಜೂನ್ 3 ನಿಮಗೆ ಅನುಕೂಲವೇ? ಮೇ 13ರಿಂದ ನಿಮ್ಮ ಅಕೌಂಟ್ಸ್ ತಂಡ ಸಿಗುತ್ತದೆಯೇ?
>
> ಈ ತಡದಿಂದ ನಿಮ್ಮ ತಂಡ ಎರಡು ವಾರದ ಕೆಲಸ ಮತ್ತೆ ಮಾಡಬೇಕಾಗಿ ಬಂದಿದೆ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ.

ಕ್ಷಮೆ ಒಂದೇ ಸಲ ಇದೆ. ಕೊನೆಯಲ್ಲಿದೆ, ಮತ್ತು ಯಾವುದಕ್ಕೆ ಅಂತ ಹೇಳಿ ಕೇಳಿದ್ದೇನೆ. ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಅನ್ನುವ ರೈಲ್ವೆ ಸ್ಟೇಷನ್ ವಾಕ್ಯ ಬೇಡ. ಅವರ ಅಕೌಂಟ್ಸ್‌ನವರು ಮತ್ತೆ ಕೂರಬೇಕು, ಅದೇ ನಿಜವಾದ ನೋವು. ಅದನ್ನು ಹೆಸರಿಟ್ಟು ಹೇಳಿದಾಗ ಮಾತ್ರ ಕ್ಷಮೆಗೆ ಅರ್ಥ ಬರುತ್ತದೆ.

ಮೊದಲ ಪ್ಯಾರಾದ ಕೊನೆಯ ಎರಡು ವಾಕ್ಯಗಳನ್ನು ನೋಡಿ. ಈ ದೋಷದಿಂದ ನಿಜವಾದ ದುಡ್ಡು ಹೋಯಿತಾ? ಗ್ರಾಹಕರ ಕೈಗೆ ತಪ್ಪು ಬಿಲ್ ಹೋಯಿತಾ? ಮೊತ್ತಗಳ ವಿಷಯದಲ್ಲಿ ಅವರ ಮೇಲಿನವರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ‘ಇಲ್ಲ’ ಆಗಿದ್ದರೆ ಅದನ್ನು ಕೆಳಗೆ ಬಚ್ಚಿಡಬೇಡಿ. ಆದರೆ ಹಾಗೆ ಬರೆಯುವ ಮೊದಲು ನಿಜವಾಗಿ ಪರೀಕ್ಷಿಸಿ. ನಾವು ಬಳಕೆಯಲ್ಲಿದ್ದ ಸಿಸ್ಟಮ್ ಯಾವ ಜಾವಾದಲ್ಲಿ ಓಡುತ್ತಿದೆ ಅಂತ ಅದೇ ಮೆಷಿನ್‌ನಲ್ಲಿ `java -version` ಹಾಕಿ ನೋಡಿದ ಮೇಲೆಯೇ ಬರೆದೆವು. ನೆನಪಿನಿಂದ ಬರೆಯುವ ವಾಕ್ಯ ಅಲ್ಲ ಇದು.

ಈಗ ನಿಮ್ಮನ್ನು ಜಾಸ್ತಿ ಕಾಡುತ್ತಿರುವ ‘ಆನ್ ಟ್ರ್ಯಾಕ್’ ವಿಚಾರ. ಅದನ್ನು ಬಿಟ್ಟುಬಿಟ್ಟರೆ ಕ್ಲೈಂಟ್ ಮರೆಯುತ್ತಾರೆ ಅಂದುಕೊಳ್ಳಬೇಡಿ. ನಾನು ಕೆಲಸ ಮಾಡಿದ ಫ್ರೆಂಚ್ ತಂಡಗಳಲ್ಲಿ ಹಿಂದಿನ ವರದಿ ಮತ್ತು ಇಂದಿನ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಮೀಟಿಂಗ್‌ಗೆ ಬರುತ್ತಿದ್ದರು. ಅದನ್ನು ನೀವೇ ಒಂದು ಸಾಲಿನಲ್ಲಿ ತಿದ್ದಿ. ಯಾಕೆ ತಪ್ಪಾಯಿತು ಅಂತ ಇನ್ನೊಂದು ಸಾಲು. ಮೂರನೇ ಸಾಲು ಬೇಡ, ಅದು ಸಮಜಾಯಿಷಿ ಆಗುತ್ತದೆ. ನಮ್ಮಲ್ಲಿ ಇಂಥ ವರದಿಗೆ ಕಲ್ಲಂಗಡಿ ಅಂತ ಕರೆಯುತ್ತಾರೆ, ಹೊರಗೆ ಹಸಿರು, ಒಳಗೆ ಕೆಂಪು. ಒಂದು ಸಲ ಕಲ್ಲಂಗಡಿ ಕೊಟ್ಟರೆ ಮುಂದಿನ ಹತ್ತು ವರದಿಗಳನ್ನೂ ಅವರು ಕೊಯ್ದು ನೋಡುತ್ತಾರೆ.

‘ನಮ್ಮ ಟೆಸ್ಟ್‌ಗಳು ಇದನ್ನು ಹಿಡಿಯಲಿಲ್ಲ’ ಅನ್ನುವ ಸಾಲಿನ ಬಗ್ಗೆ ನಮ್ಮ ಅಕೌಂಟ್ ಮ್ಯಾನೇಜರ್ ಜೊತೆ ದೊಡ್ಡ ಚರ್ಚೆ ನಡೆಯಿತು. ಕಾಂಟ್ರಾಕ್ಟ್‌ನಲ್ಲಿ ತಡಕ್ಕೆ ದಂಡ ಇದೆ, ಹೀಗೆ ಬರೆದುಕೊಟ್ಟರೆ ಹೇಗೆ ಅಂತ ಅವರ ಪ್ರಶ್ನೆ. ಅವರ ಭಯ ಸುಳ್ಳಲ್ಲ. ಆದರೆ ಫ್ರೆಂಚ್ ಕಾನೂನಿನ ಇನ್ನೊಂದು ಮುಖವೂ ಇದೆ. ಅಲ್ಲಿನ ಕೋರ್ಟುಗಳು ಐಟಿ ಕೆಲಸ ಮಾಡಿಕೊಡುವವರ ಮೇಲೆ ಕ್ಲೈಂಟ್‌ಗೆ ಮಾಹಿತಿ ಕೊಡುವ, ಸಲಹೆ ಕೊಡುವ, ಅಪಾಯ ಇದ್ದರೆ ಎಚ್ಚರಿಸುವ ಹೊಣೆ ಹೊರಿಸಿವೆ. ‘ದವ್ವಾರ್ ದ ಕೊಂಸೆಯ್’ ಅಂತ ಅದರ ಹೆಸರು. ಗೊತ್ತಿದ್ದ ಅಪಾಯವನ್ನು ಹೇಳದೆ ಇದ್ದದ್ದು ಮುಂದೆ ತಡಕ್ಕಿಂತ ದೊಡ್ಡ ತಕರಾರು ಆಗಬಹುದು. ಕೊನೆಗೆ ನಾವು ಒಪ್ಪಿದ್ದು ಹೀಗೆ: ಮೇಲ್‌ನಲ್ಲಿ ಏನು ನಡೆಯಿತು ಅನ್ನುವುದು ಮಾತ್ರ ಇರಬೇಕು. ಯಾರು ಎಷ್ಟು ಹೊಣೆ, ದಂಡ ಎಷ್ಟು ಅನ್ನುವುದನ್ನು ಕಾಂಟ್ರಾಕ್ಟ್ ನೋಡುವವರು ಬೇರೆ ಮಾತಾಡುತ್ತಾರೆ. ನೀವೂ ಕಳಿಸುವ ಮೊದಲು ನಿಮ್ಮ ಅಕೌಂಟ್ ಮ್ಯಾನೇಜರ್‌ಗೆ ತೋರಿಸಿ. ಪದ ಬದಲಿಸಿದರೆ ಪರವಾಗಿಲ್ಲ. ಕಾರಣವನ್ನೇ ತೆಗೆಯಲು ಹೇಳಿದರೆ ಒಪ್ಪಬೇಡಿ.

ಇನ್ನು ಇಂಗ್ಲಿಷ್ ಪದಗಳ ವಿಷಯ. ನೀವು ಇಂಗ್ಲಿಷಿನಲ್ಲಿ ಬರೆದರೂ ಓದುವವರ ಮನಸ್ಸಿನಲ್ಲಿ ಫ್ರೆಂಚ್ ಇರುತ್ತದೆ. ಫ್ರೆಂಚಿನಲ್ಲಿ ‘ದೆಲೆ’ ಅಂದರೆ ತಡ ಅಲ್ಲ, ಒಂದು ಕೆಲಸಕ್ಕೆ ಕೊಟ್ಟ ಅವಧಿ. ತಡಕ್ಕೆ ಅವರ ಪದ ‘ರತಾರ್’. ಹಾಗಾಗಿ ‘ಡಿಲೇ ಎರಡು ವಾರ’ ಅಂತ ಬರೆದರೆ, ಕೆಲಸಕ್ಕೆ ಹಿಡಿಯುವ ಅವಧಿ ಎರಡು ವಾರ ಅಂತ ಓದಿಕೊಳ್ಳಬಹುದು. ಎಷ್ಟು ದಿನ ತಡ ಅಂತ ಬರೆಯುವ ಬದಲು ಹಳೆಯ ತಾರೀಖು, ಹೊಸ ತಾರೀಖು ಎರಡನ್ನೂ ಬರೆಯಿರಿ. ಇನ್ನೊಂದು, ‘ಇವೆಂಚುಯಲಿ’. ನಾವು ಅದನ್ನು ‘ಕೊನೆಗಂತೂ’ ಅನ್ನುವ ಅರ್ಥದಲ್ಲಿ ಬರೆಯುತ್ತೇವೆ. ಫ್ರೆಂಚಿನ ‘ಎವಾಂತ್ಯುಯೆಲ್ಮಾಂ’ ಅಂದರೆ ‘ಆದರೆ ಆಗಬಹುದು’. ನಿಮ್ಮ ಭರವಸೆ ಅಲ್ಲಿ ಅನುಮಾನವಾಗಿ ಹೋಗಿ ಮುಟ್ಟುತ್ತದೆ. ‘ಆಕ್ಚುಯಲಿ’ ಕೂಡ ಹಾಗೇ, ಅವರಿಗೆ ಅದು ‘ಸದ್ಯಕ್ಕೆ’. ‘ವಿ ವಿಲ್ ಟ್ರೈ’ ಅಂತೂ ಬೇಡವೇ ಬೇಡ. ನಮ್ಮಲ್ಲಿ ಅದು ವಿನಯದ ಮಾತು. ಅಲ್ಲಿ ಅದನ್ನು ಓದಿದವರು ಆ ತಾರೀಖಿನ ಮುಂದೆ ಪ್ರಶ್ನೆಚಿಹ್ನೆ ಹಾಕಿಕೊಳ್ಳುತ್ತಾರೆ. ಆಗುತ್ತದೆ, ಆಗುವುದಿಲ್ಲ, ಅಥವಾ ಇಂಥ ದಿನ ಹೇಳುತ್ತೇನೆ. ಈ ಮೂರರಲ್ಲಿ ಒಂದನ್ನು ಬರೆಯಿರಿ.

ಸಂಖ್ಯೆಗಳಲ್ಲೂ ಇದೇ ಎಚ್ಚರ. ನಮ್ಮ ಹುಡುಗನೊಬ್ಬ ಅದೇ ದೋಷದ ಬಗ್ಗೆ ಬರೆದ ಕರಡಿನಲ್ಲಿ ಮೊತ್ತವನ್ನು ‘1,234 ಯೂರೋ’ ಅಂತ ಹಾಕಿದ್ದ. ಫ್ರೆಂಚರ ಕಣ್ಣಿಗೆ ಅದು ಒಂದು ಯೂರೋ ಚಿಲ್ಲರೆ. ಸಂಖ್ಯೆ ತಪ್ಪಾಗಿ ಓದಿದ ದೋಷವನ್ನು ವಿವರಿಸುವ ಮೇಲ್‌ನಲ್ಲೇ ಸಂಖ್ಯೆಯನ್ನು ತಪ್ಪಾಗಿ ಓದುವಂತೆ ಬರೆದಿದ್ದೆವು. ಕಳಿಸುವ ಹತ್ತು ನಿಮಿಷ ಮೊದಲು ಕಣ್ಣಿಗೆ ಬಿತ್ತು.

ತಾತ್ಕಾಲಿಕ ದಾರಿಯನ್ನು ಮೇಲ್‌ನಲ್ಲಿ ಯಾಕೆ ಹಾಕಿದೆ ಅಂತ ನೀವು ಕೇಳಬಹುದು. ಆ ಸೆಟ್ಟಿಂಗ್ `-Djava.locale.providers=COMPAT`. ಅವರ ಕಡೆಯ ಯಾವುದೇ ಜಾವಾ ಬಲ್ಲವರು ಅರ್ಧ ಗಂಟೆ ಹುಡುಕಿದರೆ ಸಿಗುತ್ತದೆ. ನಾವು ಹೇಳದೆ ಅವರಿಗೇ ಸಿಕ್ಕಿದ್ದರೆ, ‘ಮೇ 13ಕ್ಕೇ ಆಗುತ್ತಿತ್ತಲ್ಲ’ ಅನ್ನುವ ಮಾತು ಬರುತ್ತಿತ್ತು. ಇರುವ ದಾರಿಯನ್ನು ನಾವೇ ಹೇಳಿ, ಅದರ ಮಿತಿಯನ್ನೂ ಹೇಳಿ, ಆಯ್ಕೆ ಅವರಿಗೆ ಬಿಟ್ಟೆವು. ಅವರು ಬೇಡ ಅಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 23ರಲ್ಲಿ ಆ ಸೌಲಭ್ಯವನ್ನು ತೆಗೆದೇಹಾಕಿದರು.

ಕಳಿಸುವ ಹೊತ್ತೂ ಮುಖ್ಯ. ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನಾನು ನಮ್ಮ ಮಧ್ಯಾಹ್ನ ಒಂದೂವರೆಗೆ, ಅಂದರೆ ಅಲ್ಲಿ ಹತ್ತಕ್ಕೆ, ಮೊದಲು ಫೋನ್ ಮಾಡಿದೆ. ಎರಡೇ ವಾಕ್ಯ: ತಾರೀಖು ತಪ್ಪುತ್ತದೆ, ವಿವರ ಹತ್ತು ನಿಮಿಷದಲ್ಲಿ ಬರೆದು ಕಳಿಸುತ್ತೇನೆ. ಮೇಲ್ ಅವರೊಬ್ಬರಿಗೇ ಹೋಯಿತು. ಅವರ ಮೇಲಿನವರನ್ನು ಕಾಪಿಯಲ್ಲಿ ಹಾಕಲಿಲ್ಲ. ಅವರು ಓದಿ, ಅರ್ಥ ಮಾಡಿಕೊಂಡು, ತಮ್ಮ ಬಾಯಲ್ಲಿ ಮೇಲಿನವರಿಗೆ ಹೇಳುವ ಅವಕಾಶ ಇರಬೇಕು. ಶುಕ್ರವಾರ ಸಂಜೆ ಮಾತ್ರ ಇಂಥ ಮೇಲ್ ಕಳಿಸಬೇಡಿ. ಕೆಲಸದ ಹೊತ್ತು ಮುಗಿದ ಮೇಲೆ ಮೇಲ್ ನೋಡದೆ ಇರುವ ಹಕ್ಕು ಅಲ್ಲಿನ ಕಾನೂನಿನಲ್ಲೇ ಇದೆ, 2017ರ ಜನವರಿಯಿಂದ. ಸೋಮವಾರ ಬೆಳಗ್ಗೆ ಹಳಸಿದ ಸುದ್ದಿಯಾಗಿ ಅದು ಅವರ ಕಣ್ಣಿಗೆ ಬೀಳುತ್ತದೆ.

ಉತ್ತರ ಬಂದಾಗ ಗಾಬರಿಯಾಗಬೇಡಿ. ನನಗೆ ಅವತ್ತೇ ಸಂಜೆ ಐದು ಪ್ರಶ್ನೆಗಳು ಬಂದವು. 14 ಜಾಗ ಅಂತ ಹೇಗೆ ಎಣಿಸಿದಿರಿ? ಹದಿನೈದನೆಯದು ಇಲ್ಲ ಅಂತ ಹೇಗೆ ಗೊತ್ತು? ದಿನಾಂಕಗಳಲ್ಲಿ ಇಂಥ ಬದಲಾವಣೆ ಇಲ್ಲವೇ? ನಮ್ಮ ಟೀಮಿನ ಕಿರಿಯರು ‘ನಮ್ಮ ಮೇಲೆ ನಂಬಿಕೆ ಇಲ್ಲ ಇವರಿಗೆ’ ಅಂತ ಬೇಜಾರು ಮಾಡಿಕೊಂಡರು. ನನ್ನ ಅನುಭವದಲ್ಲಿ ಅದು ಅಪನಂಬಿಕೆ ಅಲ್ಲ. ಕಾರಣ ಒಪ್ಪಿಗೆಯಾಗುವವರೆಗೆ ತಾರೀಖಿನ ಬಗ್ಗೆ ಮಾತಾಡುವ ಅಭ್ಯಾಸ ಅವರಿಗಿಲ್ಲ, ಅಷ್ಟೇ. ಯಾವ ಪದಗಳನ್ನು ಹುಡುಕಿದೆವು, ಯಾವ ಫೈಲ್‌ಗಳಲ್ಲಿ ಸಿಕ್ಕವು ಅಂತ ಪಟ್ಟಿಯನ್ನೇ ಕಳಿಸಿದೆ. ದಿನಾಂಕದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮೇ 3ರಂದು ಹೇಳುತ್ತೇವೆ ಅಂದೆ, ಹೇಳಿದೆವು. ಅಲ್ಲಿ ತೊಂದರೆ ಇರಲಿಲ್ಲ.

ತಾರೀಖಿನಲ್ಲಿ ಮಾತ್ರ ನಾನು ಒಂದು ಲೆಕ್ಕ ತಪ್ಪಿದ್ದೆ. ಜೂನ್ 3 ಅಂದರೆ ತಿಂಗಳ ಮೊದಲ ವಾರ. ಆ ವಾರ ಅಕೌಂಟ್ಸ್‌ನವರು ಹಿಂದಿನ ತಿಂಗಳ ಲೆಕ್ಕ ಮುಗಿಸುತ್ತಿರುತ್ತಾರೆ. ಆಗ ಸಿಸ್ಟಮ್ ಬದಲಿಸುವುದಕ್ಕೆ ಯಾರೂ ಒಪ್ಪುವುದಿಲ್ಲ. ಅವರೇ ಜೂನ್ 10 ಅಂದರು. ಹೀಗೆ ಮೂರು ವಾರ ನಾಲ್ಕಾಯಿತು. ನೀವು ಪ್ರಶ್ನೆಯಲ್ಲಿ ಬರೆದ ಮೂರು ವಾರ ಅವರ ತಿಂಗಳ ಕೊನೆಗೋ ಮೊದಲಿಗೋ ಬೀಳುತ್ತದಾ ಅಂತ ಇವತ್ತೇ ಕ್ಯಾಲೆಂಡರ್ ತೆಗೆದು ನೋಡಿ.

ಅಲ್ಲಿಂದ ಗೋ-ಲೈವ್‌ವರೆಗೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ, ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಚಿಕ್ಕ ಮೇಲ್ ಕಳಿಸಿದೆ. ಎಷ್ಟು ಟೆಸ್ಟ್ ಆಯಿತು, ಎಷ್ಟು ಉಳಿಯಿತು, ತಾರೀಖು ಹಾಗೇ ಇದೆಯಾ. ಹೊಸದೇನೂ ಇಲ್ಲದ ದಿನ ‘ಹೊಸದೇನೂ ಇಲ್ಲ, ಜೂನ್ 10 ಹಾಗೇ ಇದೆ’ ಅಂತ ಬರೆದೆ. ಏಪ್ರಿಲ್ 30ರ ವರದಿಯಲ್ಲಿ ಮಳೆಯ ಚಿತ್ರ ಹಾಕಿದ್ದೆ. ಅದನ್ನು ಮೋಡಕ್ಕೆ ಬದಲಿಸಿದ್ದು ಮೇ 24ರಂದು, ಅವರ ಅಕೌಂಟ್ಸ್‌ನವರು 412 ಸಾಲುಗಳ ಅದೇ ಫೈಲ್ ಹಾಕಿ, ಒಟ್ಟು ಮೊತ್ತ ತಾಳೆಯಾಯಿತು ಅಂತ ಬರೆದು ಕೊಟ್ಟ ಮೇಲೆ.